ಇಯರ್‌ಬಡ್ ಕೇಸಿನ ಚಾರ್ಜ್ ಬೇಗ ಇಳಿಯುವುದೇಕೆ: ಲೆಕ್ಕದ ಕೊರತೆ ಯಾವುದು, ಸೋರಿಕೆ ಯಾವುದು

ಇಯರ್‌ಬಡ್‌ಗಳ ಚಾರ್ಜಿಂಗ್ ಕೇಸು ಬೇಗ ಖಾಲಿಯಾಗುತ್ತದೆ ಎಂದು ಯಾರಾದರೂ ಹೇಳಿದಾಗ, ಅದು ಬಳಸುವಾಗ ಖಾಲಿಯಾಗುತ್ತದೆಯೋ, ಸುಮ್ಮನೆ ಇಟ್ಟಾಗಲೂ ಇಳಿಯುತ್ತದೆಯೋ ಎಂದು ಮೊದಲು ಕೇಳಿಕೊಳ್ಳಬೇಕು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ಕೇಸಿನ ಮೇಲಿನ ನಾಲ್ಕು ದೀಪಗಳಲ್ಲಿ ಎರಡೋ ಒಂದೋ ಮಾತ್ರ ಉರಿಯುತ್ತಿರುತ್ತವೆ. ಆದರೆ ಒಳಗಿನ ಕಾರಣಗಳು ಬೇರೆ ಬೇರೆ. ಬಳಸುವಾಗ ಕಾಣುವ ಕೊರತೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವೇ ಅಲ್ಲ, ಅದು ವಿದ್ಯುತ್ತು ಒಂದು ಸೆಲ್‌ನಿಂದ ಇನ್ನೊಂದು ಸೆಲ್‌ಗೆ ಹೋಗುವ ದಾರಿಯಲ್ಲಿ ತೆರುವ ಸುಂಕ. ಇಟ್ಟಲ್ಲೇ ಇಳಿಯುವುದು ಮಾತ್ರ ದೋಷ, ಮತ್ತು ಅದನ್ನು ಹಲವು ಸಲ ಮನೆಯಲ್ಲೇ ಸರಿಪಡಿಸಬಹುದು.

ಕಳೆದ ಮಳೆಗಾಲದಲ್ಲಿ ನಮ್ಮ ಅಕ್ಕನ ಮಗ ತನ್ನ ಇಯರ್‌ಬಡ್‌ಗಳನ್ನು ನನ್ನ ಮೇಜಿನ ಮೇಲೆ ತಂದಿಟ್ಟು ಎರಡೂ ದೂರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ: "ಮಾಮ, ಲೆಕ್ಕ ಹಾಕಿದ್ರೆ ಐದು ಸಲ ಚಾರ್ಜ್ ಆಗ್ಬೇಕು, ಮೂರಕ್ಕೇ ಮುಗಿಯುತ್ತೆ. ಶನಿವಾರ ತುಂಬಿಸಿಟ್ಟಿದ್ದು ಸೋಮವಾರ ನೋಡಿದ್ರೆ ಎರಡೇ ದೀಪ. ಬ್ಯಾಟರಿನೇ ಹೋಗಿದೆ ಅನ್ಸುತ್ತೆ." ಬ್ಯಾಟರಿ ಹೋಗಿರಲಿಲ್ಲ. ಅದನ್ನು ಹೇಗೆ ಕಂಡುಕೊಂಡೆ, ಅವನ ಎರಡು ದೂರುಗಳಲ್ಲಿ ಒಂದು ಹೇಗೆ ಬರೀ ಗಣಿತವಾಗಿತ್ತು, ಇನ್ನೊಂದು ಹೇಗೆ ನಿಜವಾದ ದೋಷವಾಗಿತ್ತು ಎಂಬುದನ್ನು ನಾನು ಮಾಡಿದ ಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ.

ಐದು ಮೂರಾಗುವ ಲೆಕ್ಕ

ಆ ಕೇಸಿನ ತಳದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, 3.7 ವೋಲ್ಟ್, 400 ಎಂಎಎಚ್ ಎಂದು ಮುದ್ರಿಸಲಾಗಿತ್ತು. ಪೆಟ್ಟಿಗೆಯ ವಿವರಣೆಯ ಪ್ರಕಾರ ಪ್ರತಿ ಬಡ್‌ನ ಒಳಗೆ 40 ಎಂಎಎಚ್ ಸೆಲ್ ಇತ್ತು. ಎರಡು ಬಡ್‌ಗಳಿಗೆ 80. ನಾನೂರನ್ನು ಎಂಬತ್ತರಿಂದ ಭಾಗಿಸಿದರೆ ಐದು. ಹುಡುಗನ ಗಣಿತದಲ್ಲಿ ತಪ್ಪಿರಲಿಲ್ಲ. ಆದರೆ ಕೇಸಿನ ಸೆಲ್‌ನಿಂದ ಬಡ್‌ನ ಸೆಲ್‌ಗೆ ವಿದ್ಯುತ್ತು ನೇರವಾಗಿ ಸುರಿಯುತ್ತದೆ ಎಂಬ ಊಹೆ ಆ ಗಣಿತದೊಳಗೆ ಅಡಗಿತ್ತು, ಮತ್ತು ತಪ್ಪಿದ್ದು ಅಲ್ಲಿ.

ಕೇಸಿನ ಸೆಲ್ ಮತ್ತು ಬಡ್‌ನ ಸೆಲ್ ಎರಡೂ ಲಿಥಿಯಂ ಜಾತಿಯವು, ಎರಡರ ವೋಲ್ಟೇಜೂ ಹೆಚ್ಚುಕಡಿಮೆ ಒಂದೇ ವ್ಯಾಪ್ತಿಯಲ್ಲಿ, ಅಂದರೆ ಖಾಲಿಯಾದಾಗ 3.2ರ ಆಸುಪಾಸಿನಿಂದ ತುಂಬಿದಾಗ 4.2 ವೋಲ್ಟ್‌ವರೆಗೆ, ಏರಿಳಿಯುತ್ತದೆ. ಅರ್ಧ ಖಾಲಿಯಾದ ಕೇಸಿನ 3.7 ವೋಲ್ಟ್‌ನಿಂದ ಬಡ್ ಅನ್ನು 4.2 ವೋಲ್ಟ್‌ವರೆಗೆ ತುಂಬಿಸಲು ಸಾಧ್ಯವಿಲ್ಲ. ಆದ್ದರಿಂದ ಕೇಸಿನೊಳಗಿನ ಬೂಸ್ಟ್ ಸರ್ಕೀಟು ಸೆಲ್‌ನ ವೋಲ್ಟೇಜನ್ನು 5 ವೋಲ್ಟ್‌ಗೆ ಏರಿಸಿ, ಚಿನ್ನದ ಬಣ್ಣದ ಸ್ಪ್ರಿಂಗ್ ಪಿನ್‌ಗಳ ಮೂಲಕ ಬಡ್‌ಗೆ ಕೊಡುತ್ತದೆ. ಬಡ್‌ನ ಒಳಗೆ ಜಾಗವೇ ಇಲ್ಲದ ಕಾರಣ ಅಲ್ಲಿ ಕಾಯಿಲ್ ಬೇಕಾಗುವ ದಕ್ಷ ಚಾರ್ಜರ್ ಬದಲು ಸಾಮಾನ್ಯವಾಗಿ ಲೀನಿಯರ್ ಚಾರ್ಜರ್ ಇರುತ್ತದೆ. ಅದು 5 ವೋಲ್ಟನ್ನು ಪಡೆದು, ತನ್ನ ಸೆಲ್‌ಗೆ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕ ವೋಲ್ಟೇಜನ್ನು ಶಾಖವಾಗಿ ಹೊರಹಾಕುತ್ತದೆ. ಬಾವಿಯ ನೀರನ್ನು ಮಾಳಿಗೆಯ ತೊಟ್ಟಿಗೆ ಏರಿಸಿ, ಮತ್ತೆ ಅಂಗಳದ ಬಿಂದಿಗೆಗೆ ಇಳಿಸಿದ ಹಾಗೆ ಇದು. ಏರಿಸಲು ಪಂಪಿನ ಖರ್ಚಾಯಿತು, ಇಳಿಯುವಾಗ ಆ ಎತ್ತರವೂ ವ್ಯರ್ಥವಾಯಿತು.

ಲೀನಿಯರ್ ಚಾರ್ಜರ್‌ನ ಒಂದು ಗುಣ ಈ ಲೆಕ್ಕವನ್ನು ಸುಲಭಗೊಳಿಸುತ್ತದೆ: ಅದರೊಳಗೆ ಹೋಗುವ ಕರೆಂಟೂ ಹೊರಬರುವ ಕರೆಂಟೂ ಒಂದೇ. ಆದ್ದರಿಂದ ಬಡ್‌ನ ಸೆಲ್‌ಗೆ 40 ಎಂಎಎಚ್ ತುಂಬಬೇಕಾದರೆ ಪಿನ್‌ಗಳ ಮೂಲಕ 5 ವೋಲ್ಟ್‌ನಲ್ಲಿ 40 ಎಂಎಎಚ್ ಬರಬೇಕು, ಅಂದರೆ 200 ಮಿಲಿವ್ಯಾಟ್-ಗಂಟೆ. ಬೂಸ್ಟ್ ಸರ್ಕೀಟಿನ ದಕ್ಷತೆ ನೂರಕ್ಕೆ 88 ಎಂದು ಹಿಡಿಯೋಣ. ಇಷ್ಟು ಸಣ್ಣ ಕೆಲಸಕ್ಕೆ ಇದು ಗೌರವದ ಅಂಕವೇ. ಆಗ ಕೇಸಿನ ಸೆಲ್ ಕೊಡಬೇಕಾದದ್ದು ಹೀಗಾಗುತ್ತದೆ:

```
40 × 5 ÷ 0.88 ÷ 3.7 ≈ 61
```

ಒಂದು ಬಡ್‌ಗೆ 61 ಎಂಎಎಚ್, ಎರಡಕ್ಕೆ ಸುಮಾರು 123. ಕೇಸಿನಿಂದ ಹೊರಟ 123ರಲ್ಲಿ ಬಡ್‌ಗಳ ಹೊಟ್ಟೆ ಸೇರಿದ್ದು 80, ಅಂದರೆ ನೂರಕ್ಕೆ 65. ಇದಲ್ಲದೆ ಕೇಸಿನ ಸೆಲ್ 3.3 ವೋಲ್ಟ್ ಮುಟ್ಟುವ ಹೊತ್ತಿಗೆ ಸರ್ಕೀಟು ತಾನಾಗಿಯೇ ನಿಲ್ಲುವಂತೆ ತಯಾರಕರು ಮಾಡಿರುತ್ತಾರೆ, ಆದ್ದರಿಂದ ತಳದಲ್ಲಿ ನೂರಕ್ಕೆ ಐದರಷ್ಟು ಬಳಕೆಗೆ ಸಿಗದೆ ಉಳಿಯುತ್ತದೆ ಎಂದುಕೊಂಡರೆ ಸಿಗುವುದು 380. ಅದನ್ನು 123ರಿಂದ ಭಾಗಿಸಿದರೆ 3.1 ಬರುತ್ತದೆ. ಅಲ್ಲಿಗೆ ಐದು ಮೂರಾಯಿತು, ಯಾವ ದೋಷವೂ ಇಲ್ಲದೆ.

ಕಳೆದುಹೋದ ಶಕ್ತಿಯನ್ನು ಬೆರಳಿನಿಂದಲೇ ಮುಟ್ಟಿ ನೋಡಬಹುದು. ಬಡ್‌ನ ಸೆಲ್ ಸರಾಸರಿ 3.8 ವೋಲ್ಟ್‌ನಲ್ಲಿದ್ದು 40 ಮಿಲಿಆಂಪಿಯರ್ ಹರಿಯುತ್ತಿದ್ದರೆ ಚಾರ್ಜರ್ 48 ಮಿಲಿವ್ಯಾಟ್ ಶಾಖ ಉಗುಳುತ್ತಿರುತ್ತದೆ. ಖಾಲಿ ಬಡ್‌ಗಳನ್ನು ಕೇಸಿಗೆ ಹಾಕಿ ಹದಿನೈದು ನಿಮಿಷದ ನಂತರ ತೆಗೆದರೆ ಅವು ತುಸು ಬೆಚ್ಚಗಿರುವುದು ಈ ಕಾರಣಕ್ಕೆ. ಇತ್ತೀಚಿನ ಕೆಲವು ವಿನ್ಯಾಸಗಳಲ್ಲಿ ಕೇಸು ಬಡ್‌ನೊಂದಿಗೆ ಅದೇ ಪಿನ್‌ಗಳ ಮೂಲಕ ಮಾತಾಡಿ, ಸುಮ್ಮನೆ 5 ವೋಲ್ಟ್ ಕೊಡುವ ಬದಲು ಬಡ್‌ನ ಸೆಲ್‌ಗಿಂತ ಸ್ವಲ್ಪವೇ ಮೇಲಿನ ವೋಲ್ಟೇಜು ಕೊಡುತ್ತದೆ. ಅಂಥವುಗಳಲ್ಲಿ ನಷ್ಟ ಸ್ಪಷ್ಟವಾಗಿ ಕಡಿಮೆ. ಅಗ್ಗದ ಕೇಸುಗಳು ಇನ್ನೂ 5 ವೋಲ್ಟ್‌ನಲ್ಲೇ ನಿಂತಿವೆ.

ಪೆಟ್ಟಿಗೆಯ ಮೇಲಿನ ಗಂಟೆಗಳ ಲೆಕ್ಕವನ್ನು ಬಿಡಿಸಿ ನೋಡಿದರೂ ಇದೇ ಉತ್ತರ ಸಿಗುತ್ತದೆ. ನಮ್ಮ ಹುಡುಗನ ಪೆಟ್ಟಿಗೆಯಲ್ಲಿ ಬಡ್‌ಗಳು 6 ಗಂಟೆ, ಕೇಸು ಸೇರಿ ಒಟ್ಟು 24 ಗಂಟೆ ಎಂದಿತ್ತು. ಬಡ್‌ಗಳಲ್ಲಿ ಮೊದಲೇ ಇರುವ 6 ಗಂಟೆ ಕಳೆದರೆ ಕೇಸಿನ ಪಾಲಿಗೆ 18, ಅಂದರೆ ಮೂರು ಸಲದ ಚಾರ್ಜು. ಐದು ಸಲ ಎಂದು ಕಂಪನಿ ಎಲ್ಲಿಯೂ ಹೇಳಿರಲಿಲ್ಲ. ಜೊತೆಗೆ ಆ 6 ಗಂಟೆ ಎಂಬುದು ಸದ್ದು ತಡೆಯುವ ಸೌಲಭ್ಯವನ್ನು ಆರಿಸಿ, ವಾಲ್ಯೂಮನ್ನು ಅರ್ಧಕ್ಕೆ ಇಟ್ಟು ಅಳೆದದ್ದು ಎಂದು ಅಡಿಟಿಪ್ಪಣಿಯಲ್ಲಿತ್ತು. ಸದ್ದು ತಡೆಯುವುದನ್ನು ಸದಾ ಚಾಲೂ ಇಡುವವರಿಗೆ ಗಂಟೆಗಳು ಇನ್ನೂ ಕಡಿಮೆಯಾಗುತ್ತವೆ, ಕೇಸಿನ ಮೇಲೆ ಬೀಳುವ ಹೊರೆ ಅಷ್ಟೇ ಹೆಚ್ಚುತ್ತದೆ.

ಮೊದಲು ಸೆಲ್ ಚೆನ್ನಾಗಿದೆಯೇ ಎಂದು ತಿಳಿಯಬೇಕು

ಲೆಕ್ಕ ಕಾಗದದ ಮೇಲೆ ಸರಿಹೋದ ಮಾತ್ರಕ್ಕೆ ಕೈಯಲ್ಲಿರುವ ಕೇಸು ಆರೋಗ್ಯವಾಗಿದೆ ಎಂದಾಗುವುದಿಲ್ಲ. ಅದಕ್ಕೆ ಬೇಕಾದ ಉಪಕರಣ ಒಂದೇ: ಕೇಬಲ್ಲಿಗೂ ಚಾರ್ಜರಿಗೂ ನಡುವೆ ಸಿಕ್ಕಿಸುವ, ಎಷ್ಟು ಎಂಎಎಚ್ ಹರಿಯಿತು ಎಂದು ಕೂಡಿಸಿ ತೋರಿಸುವ ಯುಎಸ್‌ಬಿ ಮೀಟರ್. ಬಡ್‌ಗಳನ್ನು ಮತ್ತೆ ಮತ್ತೆ ಚಾರ್ಜು ಮಾಡಿ ಕೇಸನ್ನು ಪೂರ್ತಿ ಖಾಲಿ ಮಾಡಿ, ಬಡ್‌ಗಳನ್ನು ಹೊರಗಿಟ್ಟು, ಬರೀ ಕೇಸನ್ನು ಮೀಟರ್ ಮೂಲಕ ತುಂಬಿಸಬೇಕು. ಬಡ್‌ಗಳು ಒಳಗಿದ್ದರೆ ಅವು ನುಂಗಿದ್ದೂ ಲೆಕ್ಕಕ್ಕೆ ಸೇರಿ ಅಂಕಿ ಕೆಡುತ್ತದೆ. ಪವರ್ ಬ್ಯಾಂಕಿನಿಂದ ಈ ಪರೀಕ್ಷೆ ಮಾಡಬಾರದು. ಕೊನೆಯ ಹಂತದಲ್ಲಿ ಕರೆಂಟು ತೀರಾ ಇಳಿದಾಗ ಹಲವು ಪವರ್ ಬ್ಯಾಂಕುಗಳು ಏನೂ ಸಿಕ್ಕಿಸಿಲ್ಲವೆಂದು ಭಾವಿಸಿ ಆರಿಬಿಡುತ್ತವೆ.

ಮೀಟರಿನ ಅಂಕಿಯನ್ನು ಓದುವಲ್ಲಿ ಒಂದು ಎಚ್ಚರ ಬೇಕು. ಕೇಸಿನ ಒಳಗಿನ ಚಾರ್ಜರೂ ಲೀನಿಯರ್ ಆಗಿದ್ದರೆ ಮೀಟರ್ ತೋರಿಸಿದ ಎಂಎಎಚ್ ಸರಿಸುಮಾರು ಸೆಲ್‌ಗೆ ಸೇರಿದ್ದೇ ಆಗಿರುತ್ತದೆ. ಅದು ಸ್ವಿಚಿಂಗ್ ಮಾದರಿಯದಾಗಿದ್ದರೆ 400ರ ಸೆಲ್ ತುಂಬಲು ಮೀಟರಿನಲ್ಲಿ 340ರಷ್ಟೇ ಕಾಣಬಹುದು, ಏಕೆಂದರೆ ಅದು ಹೆಚ್ಚಿನ ವೋಲ್ಟೇಜಿನ ಕಡಿಮೆ ಕರೆಂಟನ್ನು ಪಡೆದು ಕಡಿಮೆ ವೋಲ್ಟೇಜಿನ ಹೆಚ್ಚು ಕರೆಂಟನ್ನಾಗಿ ಬದಲಿಸುತ್ತದೆ. ಯಾವುದೆಂದು ತಿಳಿಯಲು ಮೊದಲ ಅರ್ಧ ಗಂಟೆ ಮೀಟರನ್ನೇ ನೋಡಿದರೆ ಸಾಕು: ಕರೆಂಟು ಒಂದೇ ಮಟ್ಟದಲ್ಲಿ ನಿಂತಿದ್ದರೆ ಲೀನಿಯರ್, ಸೆಲ್ ತುಂಬಿದಂತೆಲ್ಲ ನಿಧಾನವಾಗಿ ಏರುತ್ತಿದ್ದರೆ ಸ್ವಿಚಿಂಗ್. ಇದನ್ನು ಗಮನಿಸದೆ 340 ಎಂಬ ಅಂಕಿ ಕಂಡ ಕೂಡಲೇ ಸೆಲ್ ಸೊರಗಿದೆ ಎಂದು ತೀರ್ಪು ಕೊಟ್ಟವರನ್ನು ನೋಡಿದ್ದೇನೆ, ನಾನೂ ಒಮ್ಮೆ ಕೊಟ್ಟಿದ್ದೇನೆ.

ನಮ್ಮ ಕೇಸಿನಲ್ಲಿ ಕರೆಂಟು 200 ಮಿಲಿಆಂಪಿಯರ್‌ನಲ್ಲಿ ಕದಲದೆ ನಿಂತಿತ್ತು, ಎರಡು ಗಂಟೆಗೂ ಮೀರಿ ತುಂಬಿದ ಬಳಿಕ ಮೀಟರ್ 386 ತೋರಿಸಿತು. ತಳದಲ್ಲಿ ಬಳಕೆಗೆ ಸಿಗದೆ ಉಳಿಯುವ ಪಾಲನ್ನೂ ದೀಪಗಳ ಅಲ್ಪ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 400ರ ಸೆಲ್‌ಗೆ ಇದು ಸರಿಯಾದ ಅಂಕಿ. ಬಡ್‌ಗಳನ್ನು ಖಾಲಿ ಮಾಡಿ ತುಂಬಿಸಿ ಎಣಿಸಿದಾಗ ಮೂರು ಸಲ ಪೂರ್ತಿಯಾಗಿ, ನಾಲ್ಕನೆಯ ಸಲ ನೂರಕ್ಕೆ ಹತ್ತರವರೆಗೆ ತುಂಬಿ ಕೇಸು ಕೈಚೆಲ್ಲಿತು. ಲೆಕ್ಕದ 3.1ಕ್ಕೂ ಇದಕ್ಕೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಅಂಕಿ ಹೀಗೆ ಹೊಂದುವುದು ಅಪರೂಪ ಎಂಬುದನ್ನೂ ಹೇಳಬೇಕು, ಎರಡೂವರೆ ಬಂದರೂ ನಾನು ಗಾಬರಿಯಾಗುತ್ತಿರಲಿಲ್ಲ.

ಇಲ್ಲಿ ಮೀಟರ್ 386ರ ಬದಲು 250 ತೋರಿಸಿದ್ದರೆ ದಾರಿ ಬೇರೆಯಾಗುತ್ತಿತ್ತು. ಅದು ಮುದಿಯಾದ ಸೆಲ್‌ನ ಲಕ್ಷಣ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ತುಂಬಿದ ಸ್ಥಿತಿಯಲ್ಲಿ ದಿನಗಟ್ಟಲೆ ಉಳಿದ ಕೇಸುಗಳಲ್ಲಿ, ಮತ್ತು ಬಿಸಿಯಾಗುವ ವೈರ್‌ಲೆಸ್ ಪ್ಯಾಡಿನ ಮೇಲೆ ರಾತ್ರಿಯಿಡೀ ಇಟ್ಟ ಕೇಸುಗಳಲ್ಲಿ ಇದು ಬೇಗ ಬರುತ್ತದೆ. ಸೆಲ್ ಬದಲಿಸುವುದಾದರೆ ಅದರ ಚೀಲದ ಮೇಲಿನ ಆರು ಅಂಕಿಗಳೇ ಅಳತೆ: 702030 ಎಂದಿದ್ದರೆ ದಪ್ಪ 7 ಮಿಲಿಮೀಟರ್, ಅಗಲ 20, ಉದ್ದ 30. ಕೇಸುಗಳನ್ನು ಅಂಟು ಹಾಕಿ ಮುಚ್ಚಿರುವುದರಿಂದ ತೆರೆಯಲು ಪ್ಲಾಸ್ಟಿಕ್ ಪಟ್ಟಿಯನ್ನೇ ಬಳಸಬೇಕು. ಲೋಹದ ತುದಿ ಚೀಲಕ್ಕೆ ತಾಗಿದರೆ ಬೆಂಕಿ ಹತ್ತಬಹುದು, ಮತ್ತು ಸೆಲ್ ಉಬ್ಬಿರುವುದು ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು.

ಇನ್ನೊಂದು ಸಣ್ಣ ಬಲೆ ಇದೆ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ಲಿನಿಂದ ಕೆಲವು ಅಗ್ಗದ ಕೇಸುಗಳು ಚಾರ್ಜೇ ಆಗುವುದಿಲ್ಲ. ತಾನು ವಿದ್ಯುತ್ತು ಪಡೆಯುವ ಸಾಧನ ಎಂದು ಚಾರ್ಜರಿಗೆ ತಿಳಿಸಲು ಸಾಕೆಟ್ಟಿನ ಬಳಿ 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳಿರಬೇಕು. ಕಾಸು ಉಳಿಸಲು ಅವನ್ನು ಕೈಬಿಟ್ಟಿರುತ್ತಾರೆ. ರಾತ್ರಿ ಸಿಕ್ಕಿಸಿ ಬೆಳಿಗ್ಗೆ ತೆಗೆದ ಕೇಸು ಮಧ್ಯಾಹ್ನವೇ ಖಾಲಿಯಾಯಿತು ಎನ್ನುವವರಲ್ಲಿ ಕೆಲವರ ಕೇಸು ರಾತ್ರಿ ತುಂಬಿಯೇ ಇರುವುದಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ಲಿನಿಂದ ಸಿಕ್ಕಿಸಿದರೆ ಸರಿಯಾಗಿ ತುಂಬುತ್ತದೆ.

ಇಟ್ಟಲ್ಲೇ ಇಳಿಯುವುದನ್ನು ಅಳೆಯುವ ಬಗೆ

ಮೊದಲ ದೂರು ಹೀಗೆ ಇತ್ಯರ್ಥವಾದ ಮೇಲೆ ಎರಡನೆಯದಕ್ಕೆ ಬಂದೆ. ಕೇಸನ್ನು ತುಂಬಿಸಿ, ಬಡ್‌ಗಳಿಲ್ಲದೆ, ಮುಚ್ಚಳ ಮುಚ್ಚಿ ಐದು ದಿನ ಕಪಾಟಿನಲ್ಲಿಟ್ಟೆ. ಒಂದೆರಡು ದಿನ ಸಾಲದು, ಏಕೆಂದರೆ ಹತ್ತು ಎಂಎಎಚ್‌ಗಿಂತ ಕಡಿಮೆಯ ಅಂಕಿಯನ್ನು ಇಂಥ ಮೀಟರಿನಲ್ಲಿ ನಂಬುವಂತಿಲ್ಲ. ಐದು ದಿನದ ಬಳಿಕ ಮತ್ತೆ ತುಂಬಿಸಿದಾಗ 16 ಎಂಎಎಚ್ ಹಿಡಿಯಿತು. ದಿನಕ್ಕೆ 3.2, ಅಂದರೆ ಸರಾಸರಿ 0.13 ಮಿಲಿಆಂಪಿಯರ್. ಮುಚ್ಚಳದ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್, ನಿದ್ರಿಸುತ್ತಿದ್ದರೂ ಒಂದು ಕಣ್ಣು ತೆರೆದಿರುವ ನಿಯಂತ್ರಕ ಚಿಪ್ಪು, ಸೆಲ್‌ನ ಕಾವಲು ಸರ್ಕೀಟು, ಇವೆಲ್ಲ ಸೇರಿ ಅಷ್ಟನ್ನು ಕುಡಿಯುತ್ತವೆ.

ಸೆಲ್ ಸಣ್ಣದಾಗಿರುವುದರ ಪರಿಣಾಮ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಇದೇ 0.13 ಮಿಲಿಆಂಪಿಯರ್ ತಿಂಗಳಿಗೆ ಸುಮಾರು 95 ಎಂಎಎಚ್ ಆಗುತ್ತದೆ. 10,000 ಎಂಎಎಚ್‌ನ ಪವರ್ ಬ್ಯಾಂಕಿನಲ್ಲಿ ಇದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ, ಯಾರ ಗಮನಕ್ಕೂ ಬರುವುದಿಲ್ಲ. 400ರ ಕೇಸಿನಲ್ಲಿ ಅದು ಹೆಚ್ಚುಕಡಿಮೆ ಕಾಲು ಭಾಗ, ಅಂದರೆ ಒಂದು ಇಡೀ ದೀಪ. ಸೆಲ್ ಚಿಕ್ಕದಾದಂತೆ ಕಾವಲುಗಾರರ ಸಂಬಳವೇನೂ ಚಿಕ್ಕದಾಗುವುದಿಲ್ಲ. ಮೂಟೆ ಅಕ್ಕಿಯ ಮನೆಯಲ್ಲಿ ಗೊತ್ತಾಗದ ಒಂದು ಹಿಡಿ, ಪಾವು ಅಕ್ಕಿಯ ಮನೆಯಲ್ಲಿ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಬಡ್‌ಗಳಿಲ್ಲದ ಕೇಸು ದಿನಕ್ಕೆ ನೂರಕ್ಕೆ ಒಂದರವರೆಗೆ ಇಳಿದರೆ ಅದನ್ನು ದೋಷವೆನ್ನಬೇಕಿಲ್ಲ. ಎರಡನ್ನು ದಾಟಿದರೆ ಕೇಸಿನ ಬೋರ್ಡಿನಲ್ಲಿ ತೇವದಿಂದಾದ ಸೋರಿಕೆಯನ್ನೋ, ತನ್ನಷ್ಟಕ್ಕೇ ಖಾಲಿಯಾಗುವ ಸೆಲ್ಲನ್ನೋ ಸಂಶಯಿಸಬೇಕು. ಇವೆರಡರಲ್ಲಿ ಯಾವುದೆಂದು ಸೆಲ್‌ನ ತಂತಿ ಬಿಡಿಸಿ ಬೇರೆಯಾಗಿಟ್ಟು ನೋಡದೆ ಹೇಳಲಾಗದು.

ಮುಂದಿನ ಪರೀಕ್ಷೆ ಪೂರ್ತಿ ತುಂಬಿದ ಬಡ್‌ಗಳೊಂದಿಗೆ. ಕೇಸೂ ಬಡ್‌ಗಳೂ ತುಂಬಿದ ಸ್ಥಿತಿಯಲ್ಲಿ ಮುಚ್ಚಳ ಮುಚ್ಚಿ ಎರಡು ದಿನ ಇಟ್ಟು, ಆಮೇಲೆ ಬಡ್‌ಗಳನ್ನು ಹೊರತೆಗೆದು ಕೇಸನ್ನು ತುಂಬಿಸಿದಾಗ ಮೀಟರ್ 210 ತೋರಿಸಿತು. ಸೋಮವಾರದ ಎರಡು ದೀಪಗಳ ರಹಸ್ಯ ಕಣ್ಣೆದುರಿಗೆ ಬಂತು. 210 ಎಂಎಎಚ್ ಅನ್ನು 48 ಗಂಟೆಗಳಿಗೆ ಹಂಚಿದರೆ ಕೇಸಿನ ಸೆಲ್‌ನಿಂದ ಸರಾಸರಿ 4.4 ಮಿಲಿಆಂಪಿಯರ್ ಸೋರುತ್ತಿತ್ತು, ಬಡ್‌ಗಳಿಲ್ಲದ ಕೇಸಿನ ಮೂವತ್ತು ಪಟ್ಟಿಗೂ ಹೆಚ್ಚು.

ಈ 4.4 ಎಂಬ ಸಂಖ್ಯೆಯೇ ಕಳ್ಳನ ಹೆಜ್ಜೆಗುರುತು. ಇಷ್ಟು ಹಗುರ ಹೊರೆಯಲ್ಲಿ ಬೂಸ್ಟ್ ಸರ್ಕೀಟಿನ ದಕ್ಷತೆ 88ರಿಂದ 80ಕ್ಕೋ ಅದಕ್ಕೂ ಕೆಳಕ್ಕೋ ಇಳಿದಿರುತ್ತದೆ. 80 ಎಂದೇ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಪಿನ್‌ಗಳ ಆಚೆ 5 ವೋಲ್ಟ್‌ನಲ್ಲಿ 2.6 ಮಿಲಿಆಂಪಿಯರ್ ಹರಿಯುತ್ತಿದೆ ಎಂದಾಗುತ್ತದೆ. ನಿದ್ದೆಯಲ್ಲಿರುವ ಬಡ್ ಇಷ್ಟು ತಿನ್ನುವುದಿಲ್ಲ, ಅದರ ಹಸಿವು ಮಿಲಿಆಂಪಿಯರ್‌ನ ಸಣ್ಣ ಭಾಗದಲ್ಲೇ ಮುಗಿಯುತ್ತದೆ. ಹಾಡು ನುಡಿಸುತ್ತಿರುವ ಬಡ್ ಇದಕ್ಕಿಂತ ಹೆಚ್ಚು ತಿನ್ನುತ್ತದೆ: 40 ಎಂಎಎಚ್ ಅನ್ನು 6 ಗಂಟೆಯಲ್ಲಿ ಮುಗಿಸುವ ಬಡ್‌ಗೆ 6.7 ಮಿಲಿಆಂಪಿಯರ್ ಬೇಕು. ಎರಡರ ನಡುವಿನ 2.6, ಹಾಡಿಲ್ಲದೆ ಫೋನಿನೊಂದಿಗೆ ಸುಮ್ಮನೆ ಬ್ಲೂಟೂತ್ ಸಂಪರ್ಕದಲ್ಲಿರುವ ಒಂದು ಬಡ್‌ಗೆ ಒಪ್ಪುವ ಅಂಕಿ. ಅಂದರೆ ಮುಚ್ಚಿದ ಕೇಸಿನೊಳಗೆ ಯಾವುದೋ ಒಂದು ಬಡ್ ಎಚ್ಚರವಾಗಿತ್ತು.

ಯಾವುದೆಂದು ತಿಳಿಯಲು ಒಂದೊಂದನ್ನೇ ಇಟ್ಟು ನೋಡಿದೆ. ಬಲಗಡೆಯದನ್ನು ಮಾತ್ರ ಎರಡು ದಿನ ಇಟ್ಟಾಗ 9 ಎಂಎಎಚ್, ಎಡಗಡೆಯದನ್ನು ಮಾತ್ರ ಇಟ್ಟಾಗ 204. ಅಷ್ಟೊಂದು ದಿನ ಕಾಯುವ ತಾಳ್ಮೆ ಇಲ್ಲದವರು ಫೋನಿನ ಬ್ಲೂಟೂತ್ ಪುಟವನ್ನು ತೆರೆದು, ಕೇಸನ್ನು ಮುಚ್ಚಿ ಪಕ್ಕದಲ್ಲಿಟ್ಟು, ಕಾಲು ಗಂಟೆ ಗಮನಿಸಬಹುದು. ಹುಡುಗನ ಫೋನಿನಲ್ಲಿ ಬಡ್‌ನ ಹೆಸರಿನ ಕೆಳಗೆ ಕೆಲವು ನಿಮಿಷಗಳಿಗೊಮ್ಮೆ ಸಂಪರ್ಕ ಬರುತ್ತಿತ್ತು, ಹೋಗುತ್ತಿತ್ತು. ಫೋನಿನ ಬ್ಲೂಟೂತ್ ಆರಿಸಿಟ್ಟರೆ ಸಮಸ್ಯೆ ಮಾಯವಾಗುತ್ತದೆ ಎಂದುಕೊಳ್ಳಬಾರದು. ಎಚ್ಚರವಾದ ಬಡ್ ತನ್ನ ಫೋನನ್ನು ಹುಡುಕುತ್ತದೆ, ಹುಡುಕುವುದಕ್ಕೂ ಖರ್ಚಿದೆ.

ಎಡ ಬಡ್‌ಗೆ ನಿದ್ದೆ ಬಾರದ ಕಾರಣ

ತಾನು ಕೇಸಿನಲ್ಲಿದ್ದೇನೆ ಎಂಬುದು ಬಡ್‌ಗೆ ತಿಳಿಯುವುದು ಪಿನ್‌ಗಳ ಮೂಲಕ ಬರುವ ವೋಲ್ಟೇಜಿನಿಂದ. ವೋಲ್ಟೇಜು ಬಂದರೆ ಅದು ರೇಡಿಯೋ ಆರಿಸಿ ಚಾರ್ಜಿಗೆ ತೊಡಗುತ್ತದೆ, ಹೋದರೆ ತನ್ನನ್ನು ಹೊರತೆಗೆದರು ಎಂದು ತಿಳಿದು ಎದ್ದು ಫೋನನ್ನು ಸಂಪರ್ಕಿಸುತ್ತದೆ. ಪಿನ್ನಿನ ಮೇಲೆ ಕೊಳೆ ಕೂತು ತಡೆ ಹೆಚ್ಚಾದಾಗ ಈ ಸರಳ ಏರ್ಪಾಡು ಹಳಿ ತಪ್ಪುತ್ತದೆ. ಸಂಪರ್ಕದಲ್ಲಿ 20 ಓಮ್ ತಡೆ ಇದ್ದು ಬಡ್ 40 ಮಿಲಿಆಂಪಿಯರ್ ಎಳೆಯತೊಡಗಿದರೆ 0.8 ವೋಲ್ಟ್ ಅಲ್ಲೇ ಕಳೆದುಹೋಗಿ, ಬಡ್‌ಗೆ 5ರ ಬದಲು 4.2 ವೋಲ್ಟ್ ಮಾತ್ರ ಸಿಗುತ್ತದೆ. ತುಂಬುತ್ತ ಬಂದ ಸೆಲ್ಲನ್ನು ಚಾರ್ಜು ಮಾಡಲು ಅದು ಸಾಲದೆ ಚಾರ್ಜರ್ ಕೈಬಿಡುತ್ತದೆ, ಕೈಬಿಟ್ಟ ಕೂಡಲೇ ಹೊರೆ ಇಳಿದು ವೋಲ್ಟೇಜು ಮತ್ತೆ 5ಕ್ಕೆ ಏರುತ್ತದೆ, ಚಾರ್ಜರ್ ಮತ್ತೆ ಎದ್ದು ಎಳೆಯುತ್ತದೆ. ಈ ಬಿಕ್ಕಳಿಕೆ ನಡೆಯುತ್ತಿರುವಷ್ಟು ಹೊತ್ತು ಕೇಸಿನ ಬೂಸ್ಟ್ ಸರ್ಕೀಟೂ ಮಲಗುವುದಿಲ್ಲ, ಏಕೆಂದರೆ ಬಡ್ ತುಂಬಿತು ಎಂದು ಅದಕ್ಕೆ ಅನ್ನಿಸಬೇಕಾದರೆ ಹೊರೆ ಸ್ವಲ್ಪ ಕಾಲ ಒಂದೇ ಸಮನೆ ಕೆಳಮಟ್ಟದಲ್ಲಿ ನಿಲ್ಲಬೇಕು.

ಎಡ ಬಡ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗ ಅದರ ಎರಡು ಚಿನ್ನದ ಬೊಟ್ಟುಗಳಲ್ಲಿ ಒಂದು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಬೂದು ಹಸಿರಿನ ತೆಳುಪೊರೆ ಕೂತಿತ್ತು, ನಡುವೆ ಪಿನ್ನಿನ ತುದಿ ಕೊರೆದ ಸಣ್ಣ ಕಪ್ಪು ಚುಕ್ಕೆ. ಹುಡುಗ ಬೆಳಿಗ್ಗೆ ಓಡಲು ಹೋಗುವಾಗ ಒಂದೇ ಕಿವಿಗೆ, ಎಡಕಿವಿಗೆ, ಬಡ್ ಹಾಕಿಕೊಳ್ಳುತ್ತಾನೆ. ವಾಹನಗಳ ಸದ್ದು ಕೇಳಲೆಂದು ಬಲಕಿವಿ ಖಾಲಿ. ಬೆವರಿದ ಬಡ್ಡನ್ನು ಹಾಗೆಯೇ ಕೇಸಿಗೆ ಹಾಕಿ ಮುಚ್ಚುತ್ತಿದ್ದ. ಉಪ್ಪುನೀರು, ಅದರ ಮೇಲೆ 5 ವೋಲ್ಟ್: ಲೋಹ ತಿನ್ನಲು ಇನ್ನೇನೂ ಬೇಕಿಲ್ಲ.

ಶುಚಿಗೊಳಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿ ಸಾಕು, ಗಟ್ಟಿಯಾಗಿ ಅಂಟಿಕೊಂಡದ್ದಕ್ಕೆ ಮರದ ಹಲ್ಲುಕಡ್ಡಿ. ಕೈ ತೊಳೆಯುವ ಸ್ಯಾನಿಟೈಸರ್ ಬಳಸಬಾರದು. ಅದರಲ್ಲಿರುವ ಗ್ಲಿಸರಿನ್ ಮತ್ತು ಸುಗಂಧ ಒಣಗಿದ ಮೇಲೂ ಪೊರೆಯಾಗಿ ಉಳಿಯುತ್ತವೆ. ಉಪ್ಪುಕಾಗದವನ್ನಂತೂ ಮುಟ್ಟಲೇಬಾರದು, ಏಕೆಂದರೆ ಚಿನ್ನದ ಲೇಪ ತೀರಾ ತೆಳು, ಅದು ಹೋದರೆ ಒಳಗಿನ ಲೋಹ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಕೇಸಿನ ಪಿನ್‌ಗಳನ್ನು ಒಂದೊಂದಾಗಿ ಹಲ್ಲುಕಡ್ಡಿಯಿಂದ ಒತ್ತಿ ಬಿಟ್ಟು, ಪ್ರತಿಯೊಂದೂ ಚಿಮ್ಮಿ ಮೇಲೆ ಬರುತ್ತದೆಯೇ ಎಂದು ನೋಡಬೇಕು. ನಮ್ಮ ಕೇಸಿನಲ್ಲಿ ಎಡಗಡೆಯ ಒಂದು ಪಿನ್ ಒತ್ತಿದಲ್ಲೇ ಅರ್ಧ ನಿಂತಿತು. ಒಂದು ಹನಿ ಆಲ್ಕೋಹಾಲ್ ಬಿಟ್ಟು ಇಪ್ಪತ್ತು ಸಲ ಒತ್ತಿದ ಮೇಲೆ ಸಡಿಲವಾಯಿತು. ಪೂರ್ತಿ ಒಣಗಲು ಅರ್ಧ ಗಂಟೆ ಬಿಟ್ಟು ಬಡ್ ಇಟ್ಟೆ.

ಪಿನ್‌ಗಳು ಶುಚಿಯಾಗಿದ್ದೂ ಬಡ್ ಎಚ್ಚರವಾಗಿಯೇ ಇದ್ದರೆ ನೋಡಬೇಕಾದವು ಇನ್ನೆರಡು. ಅಂಗಡಿಯಿಂದ ಬೇರೆಯಾಗಿ ಕೊಂಡು ಹಾಕಿದ ದೊಡ್ಡ ಸಿಲಿಕಾನ್ ತುದಿಗಳು ಕೇಸಿನ ಗುಳಿಯ ತಳಕ್ಕೆ ತಾಗಿ ಬಡ್ಡನ್ನು ಪಿನ್‌ಗಳಿಂದ ತುಸು ಮೇಲಕ್ಕೆ ಎತ್ತಿ ಹಿಡಿದಿರಬಹುದು. ಮುಚ್ಚಳವನ್ನು ಒತ್ತಿ ಹಿಡಿದಾಗ ಫೋನಿನೊಂದಿಗಿನ ಬ್ಲೂಟೂತ್ ಸಂಪರ್ಕ ಹೋಗಿ, ಬಿಟ್ಟಾಗ ಮರಳಿ ಬಂದರೆ ಇದೇ ಕಾರಣ. ಎರಡನೆಯದು ಅಯಸ್ಕಾಂತದ ಗುಂಡಿಯಿರುವ ಹೊರಕವಚ. ಅದು ಮುಚ್ಚಳದ ಹಾಲ್ ಸೆನ್ಸರನ್ನು ಗೊಂದಲಕ್ಕೆ ತಳ್ಳಬಹುದು, ಕವಚ ಕಳಚಿ ಅದೇ ಎರಡು ದಿನದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ಗೊತ್ತಾಗುತ್ತದೆ.

ಬಡ್‌ನ ಸೆಲ್ ಮುದಿಯಾಗಿರುವುದರಿಂದ ಕೇಸು ಬೇಗ ಖಾಲಿಯಾಗುತ್ತಿದೆ ಎಂಬ ಮಾತನ್ನು ರಿಪೇರಿ ಅಂಗಡಿಗಳಲ್ಲಿ ಆಗಾಗ ಕೇಳುತ್ತೇನೆ. ನನಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ. ಮುದಿ ಬಡ್ ಮೂರೇ ಗಂಟೆ ಬಂದರೆ ಅದನ್ನು ಎರಡು ಪಟ್ಟು ಹೆಚ್ಚು ಸಲ ಕೇಸಿಗೆ ಹಾಕಬೇಕಾಗುತ್ತದೆ, ನಿಜ. ಆದರೆ ಪ್ರತಿ ಸಲ ಅದು ಎಳೆಯುವುದೂ ಅರ್ಧವೇ ಆದ್ದರಿಂದ ಒಂದು ಗಂಟೆ ಹಾಡು ಕೇಳಲು ಕೇಸಿನಿಂದ ಹೋಗುವ ಚಾರ್ಜು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದ್ದರಿಂದ ಎಷ್ಟು ಸಲ ತುಂಬಿತು ಎಂದು ಎಣಿಸುವುದಕ್ಕಿಂತ ಕೇಸಿನ ಒಂದು ಭರ್ತಿಗೆ ಒಟ್ಟು ಎಷ್ಟು ಗಂಟೆ ಕೇಳಿದಿರಿ ಎಂದು ಬರೆದಿಡುವುದು ಹೆಚ್ಚು ನಂಬಲರ್ಹ ಅಳತೆ.

ಶುಚಿ ಮಾಡಿದ ಮೇಲೆ ಎರಡೂ ಬಡ್‌ಗಳನ್ನು ಒಳಗಿಟ್ಟು ಮತ್ತೆ ಎರಡು ದಿನ ಬಿಟ್ಟಾಗ 210ರ ಜಾಗದಲ್ಲಿ ಮೀಟರ್ 11 ತೋರಿಸಿತು, ಮುಚ್ಚಿದ ಕೇಸಿನಿಂದ ಫೋನಿಗೆ ಯಾವ ಸಂಪರ್ಕವೂ ಬರಲಿಲ್ಲ. ಎಣಿಕೆಯ ಪರೀಕ್ಷೆಯಲ್ಲಿ ಮಾತ್ರ ಬದಲಾವಣೆಯಿಲ್ಲ, ಮೂರು ಸಲ ಮತ್ತು ಮೇಲೆ ಚೂರು. ಹಿಂದಿರುಗಿಸುವ ಮುನ್ನ ಎರಡೂ ಬಡ್‌ಗಳನ್ನು ಒಂದೇ ಹಾಡಿನ ಪಟ್ಟಿಯಲ್ಲಿ, ಒಂದೇ ವಾಲ್ಯೂಮಿನಲ್ಲಿ ಖಾಲಿಯಾಗುವವರೆಗೆ ಓಡಿಸಿ ನೋಡಿದೆ. ಬಲಗಡೆಯದು 5 ಗಂಟೆ 40 ನಿಮಿಷ ಬಂತು. ತಿಂಗಳುಗಟ್ಟಲೆ ಹಗಲೂ ರಾತ್ರಿ ತುಸು ಇಳಿದು ತುಸು ತುಂಬಿಕೊಳ್ಳುತ್ತ ತುದಿವೋಲ್ಟೇಜಿನಲ್ಲೇ ಕಾಲ ಕಳೆದ ಎಡಗಡೆಯದು 4 ಗಂಟೆ 50 ನಿಮಿಷಕ್ಕೆ ನಿಂತಿತು.